ಪ್ಯಾಕ್ ಮುಗಿಯುವ ದಿನ ನೋಡಿಕೊಂಡು ಪೋರ್ಟ್ ಮಾಡಿಸಿ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ನ ಪ್ರೀಪೇಯ್ಡ್ ಗ್ರಾಹಕರಿಗೆ ಒಂದು ಬಹಿರಂಗ ಪತ್ರ



ಬನಶಂಕರಿ ಎರಡನೇ ಹಂತದಲ್ಲಿ ರೀಚಾರ್ಜ್ ಮತ್ತು ಸಿಮ್ ಅಂಗಡಿ ಇಟ್ಟುಕೊಂಡಿರುವವನು ನಾನು. ಎಲ್ಲ ಕಂಪನಿಯ ಸಿಮ್ಮೂ ಕೊಡುತ್ತೇನೆ. ಆದ್ದರಿಂದ ಯಾವ ಕಂಪನಿ ಒಳ್ಳೆಯದು ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಲು ಬರುವವರಲ್ಲಿ ಬಹಳ ಜನ ಕೈಯಲ್ಲಿರುವ ಪ್ಯಾಕಿನ ದುಡ್ಡನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ. ಅದು ತಪ್ಪಬೇಕು ಎಂಬುದಷ್ಟೇ ನನ್ನ ಆಸೆ. ಹೀಗೆ ಕಳೆದುಕೊಳ್ಳುವವರಲ್ಲಿ ನಿವೃತ್ತರು ಹೆಚ್ಚು. ಮಕ್ಕಳು ಒಟ್ಟಿಗೇ ದೊಡ್ಡ ಪ್ಯಾಕ್ ಹಾಕಿಸಿ ಹೋಗಿರುತ್ತಾರೆ, ಮನೆಯೊಳಗೆ ಸಿಗ್ನಲ್ ಸಿಗದೆ ಇವರಿಗೆ ಬೇಸರ ಬಂದಿರುತ್ತದೆ.

ಮೊನ್ನೆ ಜಯನಗರ ನಾಲ್ಕನೇ ಟಿ ಬ್ಲಾಕ್‌ನಿಂದ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ನೆಲಮಹಡಿಯ ಮನೆ, ಮೂರು ಕಡೆ ಎತ್ತರದ ಕಟ್ಟಡ. ಅಡುಗೆಮನೆಗೆ ಹೋದರೆ ಮಾತು ಕತ್ತರಿಸಿ ಹೋಗುತ್ತದೆ, ಇವತ್ತೇ ಬೇರೆ ಕಂಪನಿಗೆ ಹಾಕಿಬಿಡಿ ಎಂದರು. "ಸಾರ್, ಈಗಿನ ಪ್ಯಾಕ್ ಇನ್ನೂ ಎಷ್ಟು ದಿನ ಇದೆ?" ಎಂದು ಕೇಳಿದೆ. "ಹೋದ ತಿಂಗಳು ಮಗಳು ಎಂಬತ್ನಾಲ್ಕು ದಿನದ್ದು ಹಾಕಿಸಿದಾಳೆ ಕಣಪ್ಪ. ಅದು ಹಾಗೇ ಹೊಸ ಸಿಮ್ಮಿಗೆ ಬರತ್ತಲ್ಲ?" ಎಂದರು.

ಬರುವುದಿಲ್ಲ. ನಂಬರ್ ಮಾತ್ರ ಬರುತ್ತದೆ. ಹಳೆಯ ಕಂಪನಿಯಲ್ಲಿ ಉಳಿದ ದಿನಗಳು, ಡೇಟಾ, ಮೇನ್ ಬ್ಯಾಲೆನ್ಸ್, ಪ್ಯಾಕಿನ ಜೊತೆ ಬಂದ ಸಿನಿಮಾ ಆ್ಯಪ್‌ನ ಚಂದಾ, ಇವೆಲ್ಲ ನಂಬರ್ ಬದಲಾದ ಗಳಿಗೆಗೇ ಮುಗಿದುಹೋಗುತ್ತವೆ. ಹೊಸ ಕಂಪನಿಗೆ ವರ್ಗವಾಗುವುದೂ ಇಲ್ಲ, ಹಳೆಯ ಕಂಪನಿ ದುಡ್ಡು ವಾಪಸ್ ಕೊಡುವುದೂ ಇಲ್ಲ. ಇದು ಅಂಗಡಿಯವರ ಅಥವಾ ಯಾವುದೋ ಒಂದು ಕಂಪನಿಯ ಹಟವಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2009ರಲ್ಲಿ ಮಾಡಿದ ನಂಬರ್ ಪೋರ್ಟಬಿಲಿಟಿ ನಿಯಮದಲ್ಲೇ ಹೀಗಿದೆ. ಉಳಿದ ಬ್ಯಾಲೆನ್ಸ್ ಹೋಗುತ್ತದೆ ಎಂಬುದು ನನಗೆ ಗೊತ್ತು ಎಂದು ಪೋರ್ಟ್ ಅರ್ಜಿ ಕೊಡುವಾಗ ಪ್ರೀಪೇಯ್ಡ್ ಗ್ರಾಹಕರು ಒಪ್ಪಿಕೊಳ್ಳಬೇಕು. ಈಗ ಅರ್ಜಿಯೆಲ್ಲ ಟ್ಯಾಬ್‌ನಲ್ಲೋ ಫೋನಿನಲ್ಲೋ ಮುಗಿದುಹೋಗುವುದರಿಂದ ಆ ಸಾಲನ್ನು ಓದುವವರು ಅಪರೂಪ.

ಮೇಷ್ಟ್ರ ಲೆಕ್ಕ ನೋಡೋಣ. ಸುಲಭವಾಗಲೆಂದು 84 ದಿನದ ಪ್ಯಾಕಿಗೆ 840 ರೂಪಾಯಿ ಎಂದಿಟ್ಟುಕೊಳ್ಳಿ, ದಿನಕ್ಕೆ 10 ರೂಪಾಯಿ. ಅವರು 30 ದಿನ ಬಳಸಿದ್ದರು. ಅವತ್ತೇ ಪೋರ್ಟ್ ಮಾಡಿಸಿದ್ದರೆ 54 ದಿನ, ಅಂದರೆ ಹತ್ತಿರಹತ್ತಿರ 540 ರೂಪಾಯಿ ಹೋಗುತ್ತಿತ್ತು. ಅದರ ಮೇಲೆ ಹೊಸ ಕಂಪನಿಯ ಮೊದಲ ರೀಚಾರ್ಜ್ ಬೇರೆ. ಅದೇ ಪೋರ್ಟನ್ನು ಪ್ಯಾಕಿನ ಕೊನೆಯ ವಾರದಲ್ಲಿ ಮಾಡಿಸಿದರೆ ಹೋಗುವುದು ಹತ್ತಿಪ್ಪತ್ತು ರೂಪಾಯಿ. ವರ್ಷದ ಪ್ಯಾಕ್ ಹಾಕಿಸಿಕೊಂಡು ಎರಡನೇ ತಿಂಗಳಿಗೇ ಬಿಟ್ಟುಹೋಗುವವರ ನಷ್ಟ ಸಾವಿರಗಳಿಗೆ ಹೋಗುತ್ತದೆ.

ಇನ್ನೊಂದು ವಿಷಯ ನಿಮಗೆ ತಿಳಿದಿರಬೇಕು. ಪೋರ್ಟ್ ಆಗಿ ಬರುವ ಪ್ರತಿ ನಂಬರಿಗೂ ಹೊಸ ಕಂಪನಿ ಅಂಗಡಿಗೆ ಅಥವಾ ಏಜೆಂಟರಿಗೆ ಕಮಿಷನ್ ಕೊಡುತ್ತದೆ. ಹೀಗಾಗಿ ಮೆಟ್ರೊ ನಿಲ್ದಾಣದ ಬಳಿ, ಮಾರ್ಕೆಟ್ ಬೀದಿಯಲ್ಲಿ ಕೊಡೆ ಹಾಕಿಕೊಂಡು ಕೂತವರಿಗೆ ನಿಮ್ಮ ನಂಬರ್ ಇವತ್ತೇ ಬೇಕು. ಪ್ಯಾಕ್ ಎಷ್ಟು ದಿನ ಉಳಿದಿದೆ ಎಂದು ಅವರು ಕೇಳುವುದಿಲ್ಲ, ಕೇಳಬೇಕೆಂಬ ಕಟ್ಟಳೆಯೂ ಇಲ್ಲ. ಆ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಬೇಕು. ಕಂಪನಿಯ ಆ್ಯಪ್ ತೆರೆದರೆ ಮೊದಲ ಪುಟದಲ್ಲೇ ಪ್ಯಾಕ್ ಮುಗಿಯುವ ತಾರೀಖು ಇರುತ್ತದೆ. ಆ್ಯಪ್ ಗೊತ್ತಾಗದವರು ರೀಚಾರ್ಜ್ ಆದಾಗ ಬಂದ ಮೆಸೇಜನ್ನು ಹುಡುಕಿ ನೋಡಿ. ಆ ತಾರೀಖಿನಿಂದ ಹಿಂದಕ್ಕೆ ಎಣಿಸಬೇಕು. ಹಾಗೆ ಎಣಿಸಲು ಪೋರ್ಟಿಂಗ್ ನಡೆಯುವ ಕ್ರಮ ಗೊತ್ತಿರಬೇಕು, ಅದನ್ನು ಹೇಳುತ್ತೇನೆ.

ಮೊದಲು ನಿಮ್ಮ ಫೋನಿನಿಂದಲೇ, ಬದಲಿಸಬೇಕಾದ ಸಿಮ್‌ನಿಂದಲೇ, 1900ಕ್ಕೆ ಒಂದು ಮೆಸೇಜ್ ಕಳಿಸಬೇಕು. PORT ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ನಂಬರ್.

```
PORT 9XXXXXXXXX
```

ಎರಡು ಸಿಮ್ ಇರುವ ಫೋನಿನಲ್ಲಿ ಬೇರೆ ಸಿಮ್‌ನಿಂದ ಮೆಸೇಜ್ ಹೋಗಿಬಿಡುವುದು ದಿನವೂ ಕಾಣುವ ತೊಂದರೆ. ಕಳಿಸುವ ಮುಂಚೆ ಯಾವ ಸಿಮ್ ಆಯ್ಕೆಯಾಗಿದೆ ನೋಡಿಕೊಳ್ಳಿ. ಎಸ್ಸೆಮ್ಮೆಸ್ ಇಲ್ಲದ ಅಗ್ಗದ ಪ್ಯಾಕ್ ಇದ್ದವರಿಗೆ ಹಿಂದೆ ಈ ಮೆಸೇಜೇ ಹೋಗುತ್ತಿರಲಿಲ್ಲ. ಯಾವ ಪ್ಯಾಕ್ ಇದ್ದರೂ 1900ಕ್ಕೆ ಮೆಸೇಜ್ ಹೋಗುವಂತೆ ಮಾಡಬೇಕು ಎಂದು 2021ರ ಡಿಸೆಂಬರ್‌ನಲ್ಲಿ ಟ್ರಾಯ್ ಎಲ್ಲ ಕಂಪನಿಗಳಿಗೂ ನಿರ್ದೇಶನ ಕೊಟ್ಟಿತು. ಹಾಗಿದ್ದರೂ ಪ್ಯಾಕ್ ಪೂರ್ತಿ ಮುಗಿದು, ಹೊರಹೋಗುವ ಸೇವೆಯೇ ನಿಂತ ಮೇಲೆ ಕಳಿಸಲು ಹೊರಟರೆ ತಾಪತ್ರಯ ಆಗುವುದುಂಟು. ಪ್ಯಾಕ್ ಬದುಕಿರುವಾಗಲೇ ಈ ಕೆಲಸ ಮುಗಿಸಿ.

ಮೆಸೇಜ್ ಹೋದ ಸ್ವಲ್ಪ ಹೊತ್ತಿಗೆ ಎಂಟು ಅಕ್ಷರ, ಅಂಕಿಗಳ ಒಂದು ಕೋಡ್ ಬರುತ್ತದೆ. ಇದನ್ನು ಯುಪಿಸಿ ಎನ್ನುತ್ತಾರೆ. 2019ರ ಡಿಸೆಂಬರ್ 16ಕ್ಕಿಂತ ಮುಂಚೆ ಕೋಡ್ ಮೊದಲೇ ಬಂದುಬಿಡುತ್ತಿತ್ತು, ಅರ್ಜಿ ಹಾಕಿ ದಿನಗಟ್ಟಲೆ ಕಾದ ಮೇಲೆ ತಿರಸ್ಕಾರವಾಗಿದೆ ಎಂದು ತಿಳಿಯುತ್ತಿತ್ತು. ಅಂದಿನಿಂದ ಜಾರಿಗೆ ಬಂದ ಹೊಸ ಕ್ರಮದಲ್ಲಿ ನಿಮ್ಮ ನಂಬರಿಗೆ ಬದಲಾಗುವ ಅರ್ಹತೆ ಇದೆಯೇ ಎಂದು ಮೊದಲೇ ಪರೀಕ್ಷೆಯಾಗುತ್ತದೆ. ಇದ್ದರೆ ಮಾತ್ರ ಕೋಡ್ ಬರುತ್ತದೆ, ಇಲ್ಲದಿದ್ದರೆ ಕಾರಣ ಬರುತ್ತದೆ. ಹಾಗಾಗಿ ಕೋಡ್ ಕೈಗೆ ಬಂತೆಂದರೆ ದೊಡ್ಡ ಅಡ್ಡಿಗಳು ದಾಟಿದವು ಎಂದೇ ಅರ್ಥ.

ಕೋಡ್‌ಗೆ ನಾಲ್ಕು ದಿನದ ಆಯುಸ್ಸು. ಮುಗಿಯುವ ತಾರೀಖು ಅದೇ ಮೆಸೇಜಿನಲ್ಲಿರುತ್ತದೆ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಬಂದು ಕೋಡ್ ಕೊಟ್ಟು ಆಧಾರ್ ಅಥವಾ ಬೇರೆ ಗುರುತಿನ ಚೀಟಿಯಿಂದ ಕೆವೈಸಿ ಮಾಡಿಸಿದರೆ ಹೊಸ ಸಿಮ್ ಕೈಗೆ ಸಿಗುತ್ತದೆ. ತಾರೀಖು ದಾಟಿದರೆ ಗಾಬರಿ ಬೇಡ, ಮತ್ತೆ ಮೆಸೇಜ್ ಕಳಿಸಿ ಹೊಸ ಕೋಡ್ ತರಿಸಿಕೊಳ್ಳಬಹುದು. ಕೋಡ್ ತರಿಸಿಕೊಂಡ ಮಾತ್ರಕ್ಕೆ ನಂಬರ್ ಬದಲಾಗುವುದಿಲ್ಲ, ಪ್ಯಾಕಿಗೂ ಏನೂ ಆಗುವುದಿಲ್ಲ. ಆದ್ದರಿಂದ ಅರ್ಹತೆ ಇದೆಯೋ ಇಲ್ಲವೋ ಎಂದು ತಿಳಿದುಕೊಳ್ಳಲು ಎರಡು ವಾರ ಮುಂಚೆಯೇ ಒಮ್ಮೆ ಮೆಸೇಜ್ ಕಳಿಸಿ ನೋಡುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಏನಾದರೂ ತೊಡಕಿದ್ದರೆ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಒಂದೇ ತೊಂದರೆ, ಕೋಡ್ ಬಂದ ಕೂಡಲೇ ಹಳೆಯ ಕಂಪನಿಯವರಿಂದ ಫೋನ್ ಬರಲು ಶುರುವಾಗುತ್ತದೆ. ಬಿಟ್ಟು ಹೋಗಬೇಡಿ, ಇಷ್ಟು ಡೇಟಾ ಜಾಸ್ತಿ ಕೊಡುತ್ತೇವೆ ಎನ್ನುತ್ತಾರೆ. ಬಾಯಿಮಾತಿನ ಕೊಡುಗೆಯನ್ನು ಮೆಸೇಜಿನಲ್ಲಿ ಕಳಿಸಲು ಹೇಳಿ. ಕಳಿಸಿದರೆ ಯೋಚಿಸಿ.

ಅಂಗಡಿಯಲ್ಲಿ ಅರ್ಜಿ ಸಲ್ಲಿಸಿದ ಮೇಲೆ ಕಾಯುವ ಕಾಲ. ಕರ್ನಾಟಕದ ನಂಬರ್ ಕರ್ನಾಟಕದಲ್ಲೇ ಬದಲಾಗುವುದಾದರೆ ಮೂರು ಕೆಲಸದ ದಿನ. ಬೇರೆ ಸರ್ಕಲ್‌ನ ನಂಬರ್ ಆದರೆ ಐದು ಕೆಲಸದ ದಿನ. ಕಂಪನಿ ಹೆಸರಿನಲ್ಲಿರುವ ಕಾರ್ಪೊರೇಟ್ ನಂಬರಿಗೂ ಐದೇ ದಿನ, ಜೊತೆಗೆ ಕಂಪನಿಯವರ ಅನುಮತಿ ಪತ್ರ ಬೇಕು.

ಸರ್ಕಲ್ ವಿಚಾರ ಬಿಟಿಎಂ ಕಡೆ ಪಿಜಿಗಳಲ್ಲಿರುವ ಹುಡುಗ ಹುಡುಗಿಯರಿಗೆ ಮುಖ್ಯ. ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಬಳ್ಳಾರಿಯಲ್ಲಿ ತೆಗೆದುಕೊಂಡ ನಂಬರ್ ಆದರೆ ಅದು ಕರ್ನಾಟಕ ಸರ್ಕಲ್ಲೇ, ಮೂರು ದಿನ ಸಾಕು. ಆದರೆ ಕಾಸರಗೋಡಿನಿಂದ ಬಂದ ಕನ್ನಡದ ಹುಡುಗಿಯ ನಂಬರ್ ಕೇರಳ ಸರ್ಕಲ್‌ನದು. ದಿನವೂ ಹೊಸೂರಿನಿಂದ ಬಂದು ಹೋಗುವವರ ನಂಬರ್ ತಮಿಳುನಾಡಿನದಾಗಿರಬಹುದು. ಅನಂತಪುರ, ಹಿಂದೂಪುರದವರದು ಆಂಧ್ರದ್ದು. ಇವರೆಲ್ಲ ಐದು ದಿನದ ಲೆಕ್ಕ ಹಾಕಬೇಕು. ಹೀಗೆ ರಾಜ್ಯ ದಾಟಿ ಪೋರ್ಟ್ ಆಗುವುದು ಸಾಧ್ಯವಾದದ್ದೇ 2015ರ ಜುಲೈನಿಂದ. ಅದಕ್ಕೂ ಮುಂಚೆ, 2011ರ ಜನವರಿ 20ರಂದು ಇಡೀ ದೇಶದಲ್ಲಿ ಪೋರ್ಟಿಂಗ್ ಬಂದಾಗಿನಿಂದ, ಒಂದು ಸರ್ಕಲ್‌ನ ಒಳಗೆ ಮಾತ್ರ ಬದಲಿಸಬಹುದಿತ್ತು.

ಕೆಲಸದ ದಿನ ಎಂಬ ಮಾತನ್ನು ಗಮನಿಸಿ. ಭಾನುವಾರ ಲೆಕ್ಕಕ್ಕಿಲ್ಲ. ರಜೆ ಬಂದರೆ ಅದೂ ಇಲ್ಲ. ಅರ್ಜಿ ಕೊಟ್ಟ ದಿನವನ್ನೂ ಎಣಿಸಬೇಡಿ.

ಮೇಷ್ಟ್ರಿಗೆ ಬರೆದುಕೊಟ್ಟ ಚೀಟಿಯನ್ನೇ ಇಲ್ಲಿ ಹೇಳುತ್ತೇನೆ. ಅವರ ಪ್ಯಾಕ್ ಒಂದು ಶುಕ್ರವಾರ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ. ಅದೇ ವಾರದ ಸೋಮವಾರ ಬೆಳಿಗ್ಗೆ 1900ಕ್ಕೆ ಮೆಸೇಜ್ ಕಳಿಸಿ, ಕೋಡ್ ಬಂದ ಮೇಲೆ ಸಂಜೆಯೊಳಗೆ ಅಂಗಡಿಗೆ ಬಂದು ಅರ್ಜಿ ಕೊಟ್ಟರೆ ಮಂಗಳ, ಬುಧ, ಗುರು ಮೂರು ಕೆಲಸದ ದಿನ. ಗುರುವಾರ ರಾತ್ರಿಯ ಸುಮಾರಿಗೆ ನಂಬರ್ ಹೊಸ ಕಂಪನಿಗೆ ಹೋಗುತ್ತದೆ. ನಷ್ಟ ಒಂದು ದಿನದ್ದು, 10 ರೂಪಾಯಿ. ನಡುವೆ ಹಬ್ಬದ ರಜೆ ಬಂದು ಒಂದು ದಿನ ಜಾರಿದರೂ ಪ್ಯಾಕ್ ಮುಗಿಯುವುದರೊಳಗೇ ಕೆಲಸವಾಗುತ್ತದೆ. ಆ ಒಂದು ದಿನವನ್ನೂ ಉಳಿಸೋಣವೆಂದು ಬುಧವಾರ ಬಂದಿದ್ದರೆ ಗುರು, ಶುಕ್ರ, ಶನಿ ಎಂದಾಗುತ್ತಿತ್ತು. ಶನಿವಾರ ಇಡೀ ದಿನ ಪ್ಯಾಕ್ ಇಲ್ಲದೆ, ಕರೆ ಮಾಡಲಾಗದೆ ಇರಬೇಕಾಗುತ್ತಿತ್ತು. ಶುಕ್ರವಾರ ಬಂದಿದ್ದರೆ ನಡುವೆ ಭಾನುವಾರ ಸೇರಿ ಮಂಗಳವಾರದವರೆಗೆ ಎಳೆಯುತ್ತಿತ್ತು. ಹತ್ತು ರೂಪಾಯಿ ಉಳಿಸಲು ನಾಲ್ಕು ದಿನ ಫೋನಿಲ್ಲದೆ ಇರುವುದು ವಯಸ್ಸಾದವರಿಗೆ ತರವಲ್ಲ. ನನ್ನ ಸಲಹೆ ಇಷ್ಟು: ಪ್ಯಾಕ್ ಮುಗಿಯುವ ದಿನಕ್ಕೆ ನಾಲ್ಕು ಕೆಲಸದ ದಿನ ಇರುವಾಗ ಅರ್ಜಿ ಕೊಡಿ, ಬೇರೆ ರಾಜ್ಯದ ನಂಬರ್ ಆದರೆ ಆರು. ಮೇನ್ ಬ್ಯಾಲೆನ್ಸ್‌ನಲ್ಲಿ ದುಡ್ಡಿದ್ದರೆ ಅದನ್ನೂ ಅಷ್ಟರೊಳಗೆ ಬಳಸಿ ಮುಗಿಸಿ. ಹಳೆಯ ಕಂಪನಿಯ ರೀಚಾರ್ಜಿಗೆ ಯುಪಿಐ ಆ್ಯಪ್‌ನಲ್ಲಿ ಆಟೊಪೇ ಇಟ್ಟಿದ್ದರೆ ಮರೆಯದೆ ರದ್ದು ಮಾಡಿ. ಇಲ್ಲದಿದ್ದರೆ ನೀವು ಬಿಟ್ಟುಹೋಗುವ ವಾರದಲ್ಲೇ ಇನ್ನೊಂದು ಪ್ಯಾಕ್ ತಾನಾಗಿ ಬಿದ್ದು, ಅದೂ ಹೋಗುತ್ತದೆ.

ಆದರೆ ಮೇಷ್ಟ್ರಿಗೆ ಇನ್ನೂ 54 ದಿನ ಉಳಿದಿತ್ತಲ್ಲ, ಅಷ್ಟು ದಿನ ಸಿಗ್ನಲ್ ಇಲ್ಲದೆ ಏನು ಮಾಡುವುದು? ಅವರ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇತ್ತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಎಂಬ ಕಡೆ ವೈಫೈ ಕಾಲಿಂಗ್ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿದರೆ ಟವರ್ ಸಿಗದಿದ್ದಾಗ ಕರೆ ಮನೆಯ ವೈಫೈ ಮೂಲಕ ಹೋಗುತ್ತದೆ, ನಂಬರ್ ಅದೇ, ಪ್ಯಾಕ್ ಅದೇ. ಎಲ್ಲ ಫೋನಿನಲ್ಲೂ ಈ ಸೌಲಭ್ಯ ಇರುವುದಿಲ್ಲ, ಅವರ ಫೋನಿನಲ್ಲಿ ಇತ್ತು. ಆನ್ ಮಾಡಿಕೊಟ್ಟು ಕಳಿಸಿದೆ. ಪ್ಯಾಕ್ ಮುಗಿಯುವ ವಾರದವರೆಗೆ ಅದರಲ್ಲೇ ಕಾಲ ಹಾಕಿ, ಆಮೇಲೆ ಬನ್ನಿ ಎಂದೆ. ಅದರ ಜೊತೆಗೆ ಇನ್ನೊಂದನ್ನೂ ಹೇಳಿದೆ: ಹೊಸ ಕಂಪನಿಯ ಸಿಮ್ ಇರುವ ನೆಂಟರನ್ನೋ ಪಕ್ಕದ ಮನೆಯವರನ್ನೋ ಕರೆದು, ಅಡುಗೆಮನೆಯಲ್ಲಿ ನಿಂತು ಸಂಜೆ ಎಂಟರ ಹೊತ್ತಿಗೆ ಒಂದು ಕರೆ ಮಾಡಿ ನೋಡಿ. ಮಧ್ಯಾಹ್ನ ಚೆನ್ನಾಗಿದ್ದ ಸಿಗ್ನಲ್ ಸಂಜೆ ಎಲ್ಲರೂ ಮನೆಗೆ ಬಂದಾಗ ಸೋಲುತ್ತದೆ. ರಸ್ತೆಯಲ್ಲಿ ನಿಂತು ಕಡ್ಡಿ ಎಣಿಸಿ ಕಂಪನಿ ಆರಿಸಬೇಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ಹೋದರೆ 90 ದಿನ ವಾಪಸ್ ಬರಲಾಗದು. ಪೋರ್ಟ್ ಆದ ದಿನದಿಂದ 90 ದಿನ ಆ ಕಂಪನಿಯಲ್ಲಿ ಇರಲೇಬೇಕು, ಅಷ್ಟರೊಳಗೆ ಮೆಸೇಜ್ ಕಳಿಸಿದರೆ ಕೋಡ್ ಬರುವುದಿಲ್ಲ. 2024ರ ಜುಲೈ ಮೊದಲ ವಾರದಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ನಮ್ಮ ಕಡೆಯ ಎಷ್ಟೋ ಜನ ಬಿಎಸ್‌ಎನ್‌ಎಲ್‌ಗೆ ಬದಲಾಯಿಸಿಕೊಂಡರು. ದರದ ಮಟ್ಟಿಗೆ ಅದು ಸರಿಯಾದ ಲೆಕ್ಕವೇ. ಕೆಲವರ ಮನೆಯಲ್ಲಿ ಇಂಟರ್ನೆಟ್ ಸಾಲದೆ ಮುಂದಿನ ತಿಂಗಳೇ ವಾಪಸ್ ಹೋಗಬೇಕೆಂದು ಬಂದರು. 90 ದಿನ ತುಂಬುವವರೆಗೆ ಅವರಿಗೆ ದಾರಿಯೇ ಇರಲಿಲ್ಲ.

ಹೊಸ ಕಂಪನಿಯಲ್ಲಿ ಮೊದಲ ಪ್ಯಾಕ್ ಆರಿಸುವಾಗಲೂ ಈ 90 ನೆನಪಿರಲಿ. ಪ್ಯಾಕ್‌ಗಳು ಹೆಚ್ಚಾಗಿ 28 ದಿನದ ಲೆಕ್ಕದಲ್ಲಿ ಓಡುತ್ತವೆ. ಮೂರು 28 ಸೇರಿದರೆ 84. 84ನೇ ದಿನಕ್ಕೆ ಪ್ಯಾಕ್ ಮುಗಿಯುತ್ತದೆ, ಆದರೆ ನೀವು ಹೊರಡಲು ಇನ್ನೂ ಆರು ದಿನ ಬೇಕು, ಆಮೇಲೆ ಕಾಯುವ ದಿನಗಳು. ಹಾಗಾಗಿ ಇಲ್ಲೂ ಸರಿಹೋಗದಿದ್ದರೆ ಬಿಡಬೇಕಾದೀತು ಎಂಬ ಅನುಮಾನ ಇದ್ದವರು ಮೊದಲು 84 ದಿನದ್ದು ಹಾಕಿಸಿ, ಮುಗಿದ ಮೇಲೆ ಸಿಗುವುದರಲ್ಲೇ ಚಿಕ್ಕ ಪ್ಯಾಕ್ ಹಾಕಿಸಿಕೊಳ್ಳಿ. ಇಲ್ಲೇ ಇರುತ್ತೇನೆ ಎಂದು ಖಚಿತವಾಗುವ ತನಕ ವರ್ಷದ ಪ್ಯಾಕ್ ಮುಟ್ಟಬೇಡಿ, ಅದು ದಿನಕ್ಕೆಷ್ಟು ಅಗ್ಗ ಎಂದು ಯಾರು ಹೇಳಿದರೂ.

ಕೋಡ್ ಬಾರದಿರಲು ಬೇರೆ ಕಾರಣಗಳೂ ಇವೆ. ಈಚೆಗೆ ಹೆಚ್ಚು ಕಾಣುವುದು ಸಿಮ್ ಬದಲಾವಣೆಯದು. ಫೋನ್ ಕಳೆದುಹೋಗಿ ಅದೇ ನಂಬರಿಗೆ ಬೇರೆ ಸಿಮ್ ತೆಗೆದುಕೊಂಡಿದ್ದರೆ, ಏಳು ದಿನ ತುಂಬುವವರೆಗೆ ಪೋರ್ಟಿಂಗ್ ಕೋಡ್ ಕೊಡುವುದಿಲ್ಲ. 2024ರ ಜುಲೈ 1ರಿಂದ ಈ ನಿಯಮವಿದೆ. ಕಳ್ಳರು ಬೇರೆಯವರ ನಂಬರಿಗೆ ಸಿಮ್ ತೆಗೆದು, ತಕ್ಷಣ ಇನ್ನೊಂದು ಕಂಪನಿಗೆ ಸಾಗಿಸಿ, ಬ್ಯಾಂಕ್ ಓಟಿಪಿ ಪಡೆಯುವುದನ್ನು ತಡೆಯಲು ತಂದದ್ದು. ಏಳು ದಿನ ಕಾಯಿರಿ, ಬೇರೆ ಉಪಾಯವಿಲ್ಲ, ಇರಲೂ ಬಾರದು.

ನಂಬರ್ ಯಾರ ಹೆಸರಿನಲ್ಲಿದೆ ಎಂಬುದೂ ಹಿರಿಯರ ಮನೆಗಳಲ್ಲಿ ದೊಡ್ಡ ತೊಡಕು. ಅಮ್ಮ ಹದಿನೈದು ವರ್ಷದಿಂದ ಬಳಸುವ ನಂಬರ್ ತೀರಿಕೊಂಡ ಅಪ್ಪನ ಹೆಸರಿನಲ್ಲಿರುತ್ತದೆ, ಇಲ್ಲವೇ ಅಮೆರಿಕದಲ್ಲಿರುವ ಮಗನ ಹೆಸರಿನಲ್ಲಿ. ಇದನ್ನು ಮೊದಲು ಹಳೆಯ ಕಂಪನಿಯ ಮಳಿಗೆಯಲ್ಲೇ ಬಳಸುವವರ ಹೆಸರಿಗೆ ಮಾಡಿಸಿಕೊಳ್ಳಬೇಕು. ಆ ಬದಲಾವಣೆ ನಡೆಯುತ್ತಿರುವಾಗ ಪೋರ್ಟ್ ಕೇಳಿದರೂ ತಿರಸ್ಕಾರವಾಗುತ್ತದೆ. ಪ್ಯಾಕ್ ಮುಗಿಯುವ ವಾರಕ್ಕೆ ಇದನ್ನು ಇಟ್ಟುಕೊಳ್ಳಬೇಡಿ, ಒಂದು ತಿಂಗಳು ಮುಂಚೆಯೇ ಮುಗಿಸಿ.

ಇನ್ನು ಬದಲಾಗುವ ರಾತ್ರಿಯ ಮಾತು. ಹೊಸ ಸಿಮ್ ಕೈಯಲ್ಲಿದ್ದರೂ ಆ ದಿನದವರೆಗೆ ಹಳೆಯ ಸಿಮ್ಮೇ ಫೋನಿನಲ್ಲಿರಲಿ. ಯಾವಾಗ ಬದಲಾಗುತ್ತದೆ ಎಂದು ಮೆಸೇಜ್ ಬರುತ್ತದೆ. ಸಾಮಾನ್ಯವಾಗಿ ರಾತ್ರಿಯ ಹೊತ್ತೇ ಆಗುತ್ತದೆ. ಹಳೆಯ ಸಿಮ್‌ನ ಸಿಗ್ನಲ್ ಪೂರ್ತಿ ಹೋದರೆ ಅದೇ ಸೂಚನೆ. ಆಗ ಹೊಸದನ್ನು ಹಾಕಿ ಫೋನ್ ಆಫ್ ಮಾಡಿ ಆನ್ ಮಾಡಬೇಕು. ನಡುವೆ ಸುಮಾರು ನಾಲ್ಕು ಗಂಟೆಯವರೆಗೆ ಎರಡೂ ಕೆಲಸ ಮಾಡದೆ ಇರಬಹುದು. ಮನೆಯಲ್ಲಿ ಕಾಯಿಲೆಯವರಿದ್ದರೆ ಆ ರಾತ್ರಿ ಇನ್ನೊಂದು ಫೋನ್ ಹತ್ತಿರ ಇಟ್ಟುಕೊಳ್ಳಿ. ಕೆಲವರಿಗೆ ಮೊದಲ ಒಂದೆರಡು ದಿನ ಬ್ಯಾಂಕಿನ ಓಟಿಪಿ ತಡವಾಗುತ್ತದೆ, ಸಿಮ್ ಬದಲಾದ್ದರಿಂದ ಯುಪಿಐ ಆ್ಯಪ್‌ಗಳು ಮತ್ತೆ ನಂಬರ್ ಪರೀಕ್ಷೆ ಕೇಳುತ್ತವೆ. ಕರೆಂಟ್ ಬಿಲ್ಲು, ವಿಮೆಯ ಕಂತು ಅಂಥವನ್ನು ಆ ದಿನಗಳಿಗೆ ಇಟ್ಟುಕೊಳ್ಳದೆ ಮುಂಚೆಯೇ ಕಟ್ಟಿ.

ಹಿರಿಯರಿಗೆ ವಿಶೇಷವಾಗಿ ಒಂದು ಮಾತು. ಹಳೆಯ ಕೀಪ್ಯಾಡ್ ಫೋನಿನ ಕಾಲದಿಂದ ಬಂದ ಎಷ್ಟೋ ನಂಬರುಗಳು ಸಿಮ್‌ನ ಒಳಗೇ ಉಳಿದಿರುತ್ತವೆ. ಅವು ಹೊಸ ಸಿಮ್ಮಿಗೆ ಬರುವುದಿಲ್ಲ. ಡಾಕ್ಟರ್, ನೆಂಟರು, ಗ್ಯಾಸ್ ಏಜೆನ್ಸಿ, ಎಲ್ಲವನ್ನೂ ಮೊದಲು ಫೋನಿಗೆ ನಕಲು ಮಾಡಿಸಿ. ಅಂಗಡಿಯಲ್ಲಿ ಕೇಳಿದರೆ ಎರಡು ನಿಮಿಷದ ಕೆಲಸ. ಹಳೆಯ ಸಿಮ್ ಎಸೆಯಬೇಡಿ, ಸೇವೆ ನಿಂತಿದ್ದರೂ ಅದರೊಳಗಿನ ನಂಬರುಗಳನ್ನು ಫೋನಿಗೆ ಹಾಕಿ ಓದಬಹುದು.

ಕೋಡ್ ವಿಷಯದಲ್ಲಿ ಎಚ್ಚರ ಬೇಕು. ಓಟಿಪಿಯಂತೆ ಇದನ್ನೂ ಅಂಗಡಿಯಲ್ಲಿ ಎದುರಿಗೆ ಕೂತು ಮಾತ್ರ ಕೊಡಿ, ಅಥವಾ ನೀವೇ ಕಂಪನಿಯ ಆ್ಯಪ್‌ನಲ್ಲಿ ಅರ್ಜಿ ಹಾಕುವಾಗ ತುಂಬಿ. ನಿಮ್ಮ ಸಿಗ್ನಲ್ ಸರಿಮಾಡುತ್ತೇವೆ, 1900ಕ್ಕೆ ಮೆಸೇಜ್ ಕಳಿಸಿ ಬಂದ ಕೋಡ್ ಹೇಳಿ ಎಂದು ಯಾರಾದರೂ ಫೋನಿನಲ್ಲಿ ಕೇಳಿದರೆ ಅವರಿಗೆ ಬೇಕಿರುವುದು ನಿಮ್ಮ ನಂಬರ್. ಅರ್ಜಿ ಹೋದ ಮೇಲೆ ಮನಸ್ಸು ಬದಲಾದರೆ, ಅಥವಾ ನಿಮಗೆ ಗೊತ್ತಿಲ್ಲದೆ ಅರ್ಜಿ ಬಿದ್ದಿದೆ ಎಂದು ಮೆಸೇಜ್ ಬಂದರೆ, 24 ಗಂಟೆಯೊಳಗೆ ಅದೇ 1900ಕ್ಕೆ ಹೀಗೆ ಕಳಿಸಿ ನಿಲ್ಲಿಸಬಹುದು.

```
CANCEL 9XXXXXXXXX
```

ಖರ್ಚಿನ ಮಾತು ಚಿಕ್ಕದು. ಪೋರ್ಟಿಂಗಿಗೆ ಟ್ರಾಯ್ ನಿಗದಿ ಮಾಡಿದ ಶುಲ್ಕ 6 ರೂಪಾಯಿ 46 ಪೈಸೆ. ಗ್ರಾಹಕರು ಬೇಕಾದ್ದರಿಂದ ಕಂಪನಿಗಳು ಅದನ್ನು ಸಾಮಾನ್ಯವಾಗಿ ತಾವೇ ಹಾಕಿಕೊಳ್ಳುತ್ತವೆ. ಪೋರ್ಟಿಂಗ್ ಚಾರ್ಜ್ ಎಂದು ಯಾರಾದರೂ ನೂರಿನ್ನೂರು ಕೇಳಿದರೆ ಯಾವುದಕ್ಕೆ ಎಂದು ರಸೀದಿ ಕೇಳಿ.

ನಿಮ್ಮಲ್ಲಿ ಪೋಸ್ಟ್‌ಪೇಯ್ಡ್ ಇರುವವರೂ ಇದ್ದೀರಿ. ನಿಮಗೆ ಉಳಿದ ಬ್ಯಾಲೆನ್ಸಿನ ಪ್ರಶ್ನೆ ಇಲ್ಲ, ಉಳಿದ ಬಾಕಿಯದು ಇದೆ. ಕೊಟ್ಟಿರುವ ಬಿಲ್ಲು ಕಡೇ ದಿನ ದಾಟಿ ಬಾಕಿಯಿದ್ದರೆ ಕೋಡೇ ಬರುವುದಿಲ್ಲ. ಅದನ್ನು ಕಟ್ಟಿ ಹೊರಟ ಮೇಲೂ, ಹಿಂದಿನ ಬಿಲ್ಲಿನಿಂದ ಪೋರ್ಟ್ ಆದ ದಿನದವರೆಗಿನದು ಒಂದು ಕೊನೆಯ ಬಿಲ್ಲಾಗಿ ಬರುತ್ತದೆ. ಕಂಪನಿ ಬಿಟ್ಟಾಯಿತಲ್ಲ ಎಂದು ಅದನ್ನು ಬದಿಗಿಟ್ಟರೆ, ಹಳೆಯ ಕಂಪನಿ ಹೊಸ ಕಂಪನಿಗೆ ತಿಳಿಸಿ ನಿಮ್ಮ ನಂಬರನ್ನೇ ನಿಲ್ಲಿಸಬಹುದು. ಎರಡು ತಿಂಗಳ ಮೇಲೆ ಫೋನ್ ಸತ್ತಾಗ ಹೊಸ ಕಂಪನಿಯನ್ನು ಬೈಯುತ್ತಾ ಬರುವವರಿದ್ದಾರೆ, ವಿಚಾರಿಸಿದರೆ ಕಾರಣ ಹಳೆಯ ಬಿಲ್ಲು. ಕಟ್ಟಿದ ರಸೀದಿ ಇಟ್ಟುಕೊಳ್ಳಿ. ಸೇರುವಾಗ ಡೆಪಾಸಿಟ್ ಕೊಟ್ಟಿದ್ದರೆ ಅದು ನಿಮ್ಮ ದುಡ್ಡು, ವಾಪಸ್ ಕೇಳಿ ಪಡೆಯಿರಿ.

ಕೊನೆಯದಾಗಿ ಪ್ರೀಪೇಯ್ಡ್ ನಿಯಮದ ಬಗ್ಗೆಯೇ ಒಂದು ಮಾತು. ಉಳಿದ ಬ್ಯಾಲೆನ್ಸ್ ಹೋಗುತ್ತದೆ ಎಂದು 2009ರಲ್ಲಿ ಬರೆದಾಗ ಬ್ಯಾಲೆನ್ಸ್ ಅಂದರೆ ಹತ್ತೋ ಇಪ್ಪತ್ತೋ ರೂಪಾಯಿ ಟಾಕ್‌ಟೈಮ್. ಹೋದರೆ ಹೋಗಲಿ ಎನ್ನಬಹುದಿತ್ತು. ಈಗ ಜನ ಮೂರು ತಿಂಗಳ, ಒಂದು ವರ್ಷದ ಸೇವೆಗೆ ಮುಂಗಡ ಕಟ್ಟುತ್ತಿದ್ದಾರೆ. ಬಾಡಿಗೆ ಮನೆ ನಡುವೆ ಬಿಟ್ಟರೂ ಅಡ್ವಾನ್ಸ್ ವಾಪಸ್ ಬರುವ ಊರಿನಲ್ಲಿ, ಕೊಡದ ಸೇವೆಯ ದುಡ್ಡು ಪೂರ್ತಿ ಕಂಪನಿಗೇ ಉಳಿಯುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಪೂರ್ತಿ ವಾಪಸ್ ಕೊಡುವುದು ಕಷ್ಟವೆಂದೇ ಇಟ್ಟುಕೊಳ್ಳೋಣ. 84 ದಿನ ಮತ್ತು ಅದಕ್ಕಿಂತ ಉದ್ದದ ಪ್ಯಾಕ್‌ಗಳಲ್ಲಿ ಉಳಿದ ಪೂರ್ಣ ತಿಂಗಳುಗಳ ಮೊತ್ತವನ್ನಾದರೂ ಹಿಂದಿರುಗಿಸಬಹುದು. ಅದಕ್ಕಿಂತ ಸುಲಭವಾದದ್ದು, ಪೋರ್ಟಿಂಗ್ ಕೋಡ್ ಬರುವ ಮೆಸೇಜಿನಲ್ಲೇ ನಿಮ್ಮ ಪ್ಯಾಕ್ ಇಂಥ ತಾರೀಖಿನವರೆಗೆ ಇದೆ, ಈಗ ಬದಲಾದರೆ ಇಷ್ಟು ದಿನ ಹೋಗುತ್ತದೆ ಎಂದು ಕನ್ನಡದಲ್ಲಿ ಒಂದು ಸಾಲು ಸೇರಿಸುವುದು. ಆ ತಾರೀಖು ಹಳೆಯ ಕಂಪನಿಯ ಬಳಿ ಇದ್ದೇ ಇರುತ್ತದೆ. ನಿಯಮ ಬದಲಿಸುವ ಮುಂಚೆ ಟ್ರಾಯ್ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ, ಬರೆದು ಕಳಿಸುವವರು ಹೆಚ್ಚಾಗಿ ಕಂಪನಿಗಳು. ನಿಮ್ಮ ಬಡಾವಣೆಯ ನಿವಾಸಿಗಳ ಸಂಘದಿಂದ, ಹಿರಿಯ ನಾಗರಿಕರ ಕೂಟದಿಂದ ಈ ಎರಡು ಬೇಡಿಕೆಗಳನ್ನು ಬರೆದು ಕಳಿಸುವುದಾದರೆ ಕರಡು ಮಾಡಲು ನಾನು ಜೊತೆಗೆ ಕೂರುತ್ತೇನೆ.

ಅರ್ಹತೆ ಇದ್ದೂ ಕೋಡ್ ಬರದಿದ್ದರೆ, ಅಥವಾ ಹೇಳಿದ ದಿನ ದಾಟಿದರೂ ನಂಬರ್ ಬದಲಾಗದಿದ್ದರೆ ಮೊದಲು ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು, ಅದಕ್ಕೆ ಈ ದೂರಿನ ನಂಬರ್ ಬೇಕೇ ಬೇಕು. ತಪ್ಪು ಕಾರಣ ಕೊಟ್ಟು ಪೋರ್ಟ್ ತಿರಸ್ಕರಿಸಿದ ಪ್ರತಿ ಸಲಕ್ಕೂ ಕಂಪನಿಗೆ 10,000 ರೂಪಾಯಿಯವರೆಗೆ ದಂಡ ಹಾಕುವ ಅಧಿಕಾರ ಟ್ರಾಯ್‌ಗಿದೆ. ತಿರಸ್ಕಾರದ ಮೆಸೇಜನ್ನು ಅಳಿಸದೆ ಇಟ್ಟುಕೊಳ್ಳಿ.

ಇಂತಿ,
ಬನಶಂಕರಿಯ ಒಬ್ಬ ಸಿಮ್ ಅಂಗಡಿಯವ